‘ದ್ಯಾದ್ಯಾ ವಾನ್ಯಾ’ ಕನ್ನಡದಲ್ಲಿ ಚಿಕ್ಕಪ್ಪನೋ, ಸೋದರಮಾವನೋ? ರಷ್ಯನ್ ನೆಂಟಸ್ತಿಕೆಯ ಪದಗಳ ಕುರಿತು

ನೇಪಥ್ಯ:

ಎಲ್ಲರಿಗೂ ನಮಸ್ಕಾರ. ನಮ್ಮ ಹವ್ಯಾಸಿ ತಂಡವು ಚೆಕಾವ್‌ನ ‘ದ್ಯಾದ್ಯಾ ವಾನ್ಯಾ’ ನಾಟಕವನ್ನು ಕನ್ನಡದಲ್ಲಿ ಆಡಲು ಸಿದ್ಧತೆ ನಡೆಸಿದೆ. ನಾನು ಇಂಗ್ಲಿಷ್ ಅನುವಾದವನ್ನು ಮುಂದಿಟ್ಟುಕೊಂಡು ರಂಗಪ್ರತಿಯನ್ನು ಬರೆದಿದ್ದೇನೆ. ಇಂಗ್ಲಿಷಿನಲ್ಲಿ ‘ಅಂಕಲ್’ ಎಂದಿದ್ದುದರಿಂದ ಹೆಚ್ಚು ಯೋಚಿಸದೆ ‘ವಾನ್ಯಾ ಚಿಕ್ಕಪ್ಪ’ ಎಂದು ಬರೆದುಕೊಂಡು ಹೋದೆ. ಮೊನ್ನೆ ಮೊದಲ ಓದಿನಲ್ಲಿ ಪ್ರೊಫೆಸರನ ಪಾತ್ರ ಮಾಡುವವರು ಎರಡನೆಯ ಪುಟಕ್ಕೇ ನಿಲ್ಲಿಸಿ, “ಹಾಗಾದರೆ ಈ ವಾನ್ಯಾ ನನ್ನ ತಮ್ಮನೇ? ತಮ್ಮನಾಗಿದ್ದರೆ ನನ್ನ ಅತ್ತೆಯನ್ನು ಅವನು ಅಮ್ಮ ಎನ್ನುವುದೇಕೆ?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ನನ್ನ ಪ್ರಶ್ನೆಗಳು ಇಷ್ಟು. ವಾನ್ಯಾನನ್ನು ಪ್ರೊಫೆಸರನ ಮಗಳು ಸೋನ್ಯಾ ಏನೆಂದು ಕರೆಯಬೇಕು? ವಾನ್ಯಾ ಮತ್ತು ಪ್ರೊಫೆಸರ್ ಪರಸ್ಪರ ಏನಾಗುತ್ತಾರೆ? ಪ್ರೊಫೆಸರನ ಎರಡನೆಯ ಹೆಂಡತಿ ಯೆಲೆನಾ ವಾನ್ಯಾನಿಗೆ ಏನಾಗಬೇಕು? ರಷ್ಯನ್ ಬಲ್ಲವರು ದಯವಿಟ್ಟು ಮೂಲದಲ್ಲಿ ಏನಿದೆ ಎಂಬುದನ್ನು ತಿಳಿಸಬೇಕಾಗಿ ವಿನಂತಿ.

ಪದಸಂಚಿ:

ನೇಪಥ್ಯ ಅವರೇ, ನಿಮ್ಮ ನಟರು ಸರಿಯಾದ ಜಾಗದಲ್ಲಿಯೇ ಬೆರಳಿಟ್ಟಿದ್ದಾರೆ. ವಾನ್ಯಾ ಚಿಕ್ಕಪ್ಪನಲ್ಲ, ಸೋನ್ಯಾಳ ತಾಯಿಯ ಒಡಹುಟ್ಟಿದವನು, ಅಂದರೆ ಸೋದರಮಾವ. ಆದರೆ ರಷ್ಯನ್ನಿನ ‘ದ್ಯಾದ್ಯಾ’ ಎಂಬ ಪದವೊಂದರಿಂದಲೇ ಇದು ತಿಳಿಯುವುದಿಲ್ಲ. ತಂದೆಯ ಅಣ್ಣ, ತಂದೆಯ ತಮ್ಮ, ತಾಯಿಯ ಅಣ್ಣತಮ್ಮಂದಿರು, ಸೋದರತ್ತೆಯ ಗಂಡ, ಚಿಕ್ಕಮ್ಮನ ಗಂಡ, ಇವರೆಲ್ಲರೂ ರಷ್ಯನ್ನರಿಗೆ ‘ದ್ಯಾದ್ಯಾ’ಗಳೇ. ಮಕ್ಕಳು ಬೀದಿಯಲ್ಲಿ ಕಂಡ ಅಪರಿಚಿತ ಹಿರಿಯನನ್ನೂ ಹಾಗೆಯೇ ಕರೆಯುತ್ತಾರೆ. ‘ತ್ಯೋತ್ಯಾ’ ಎಂಬ ಪದವೂ ಇದೇ ರೀತಿ ದೊಡ್ಡಮ್ಮ, ಚಿಕ್ಕಮ್ಮ, ಅತ್ತೆ ಎಲ್ಲರನ್ನೂ ಒಂದೇ ಚೀಲಕ್ಕೆ ಹಾಕುತ್ತದೆ.

ಆದ್ದರಿಂದ ಪದವನ್ನು ಬಿಟ್ಟು ಮನೆಯನ್ನು ನೋಡಬೇಕು. ನಾಟಕದ ಪಾತ್ರಪಟ್ಟಿಯಲ್ಲಿ ಮರೀಯಾ ವಸೀಲ್ಯೆವ್ನಾಳನ್ನು ಚೆಕಾವ್ ‘ಪ್ರೊಫೆಸರನ ಮೊದಲ ಹೆಂಡತಿಯ ತಾಯಿ’ ಎಂದು ವಿವರಿಸಿ, ವಾನ್ಯಾನನ್ನು ‘ಅವಳ ಮಗ’ ಎಂದು ಕರೆದಿದ್ದಾನೆ. ಸೋನ್ಯಾ ಪ್ರೊಫೆಸರನ ಮೊದಲ ಮದುವೆಯ ಮಗಳು. ಅಲ್ಲಿಗೆ ಎಲ್ಲವೂ ಕೂಡಿಕೊಳ್ಳುತ್ತದೆ. ಮೊದಲ ಅಂಕದಲ್ಲಿ ವಾನ್ಯಾ ಪ್ರೊಫೆಸರನ ಬಗ್ಗೆ ಹೇಳುತ್ತಾ, ಅವನ ‘ತ್ಯೋಷ್ಚಾ’, ಅಂದರೆ ನನ್ನ ತಾಯಿ, ಇಂದಿಗೂ ಅವನನ್ನು ಪೂಜಿಸುತ್ತಾಳೆ ಎನ್ನುತ್ತಾನೆ. ‘ತ್ಯೋಷ್ಚಾ’ ಎಂದರೆ ಹೆಂಡತಿಯ ತಾಯಿ ಮಾತ್ರ, ಗಂಡನ ತಾಯಿಗೆ ‘ಸ್ವೆಕ್ರೋವ್’ ಎಂಬ ಬೇರೆಯೇ ಪದವಿದೆ. “ಅವನ ಅತ್ತೆ, ಎಂದರೆ ನನ್ನ ತಾಯಿ” ಎಂದು ಕನ್ನಡದಲ್ಲಿ ಬರೆದರೆ ಏನೂ ನಷ್ಟವಾಗುವುದಿಲ್ಲ, ಏಕೆಂದರೆ ಗಂಡಸಿನ ಅತ್ತೆ ಹೆಂಡತಿಯ ತಾಯಿಯೇ ತಾನೇ.

ವಾನ್ಯಾ ಪ್ರೊಫೆಸರನಿಗೆ ‘ಶೂರಿನ್’, ಅಂದರೆ ಹೆಂಡತಿಯ ಅಣ್ಣ ಅಥವಾ ತಮ್ಮ. ಪ್ರೊಫೆಸರ್ ವಾನ್ಯಾನಿಗೆ ‘ಜ್ಯಾತ್’. ಈ ಪದದ ವಿಷಯದಲ್ಲಿ ಮಾತ್ರ ಎಚ್ಚರವಿರಲಿ. ನಿಘಂಟನ್ನು ತೆರೆದರೆ ಮೊದಲು ಕಾಣುವುದು ‘ಅಳಿಯ’ ಎಂಬ ಅರ್ಥ. ಮಗಳ ಗಂಡನೂ ಜ್ಯಾತ್ ಹೌದು, ಸಹೋದರಿಯ ಗಂಡನೂ ಜ್ಯಾತ್. ಹಾಗಾಗಿ ಒಬ್ಬನೇ ಪ್ರೊಫೆಸರ್ ಮುದುಕಿಗೂ ಜ್ಯಾತ್, ಅವಳ ಮಗನಿಗೂ ಜ್ಯಾತ್. ಕನ್ನಡದಲ್ಲಿ ಅವನು ತಾಯಿಗೆ ಅಳಿಯ, ಮಗನಿಗೆ ಭಾವ. ಇದನ್ನು ಗಮನಿಸದೆ ಎರಡೂ ಕಡೆ ‘ಅಳಿಯ’ ಎಂದು ಬರೆದರೆ, ನಲವತ್ತೇಳು ವರ್ಷದ ವಾನ್ಯಾ ಏಕಾಏಕಿ ತನಗಿಂತ ಹಿರಿಯ ಪ್ರೊಫೆಸರನಿಗೆ ಹೆಣ್ಣು ಕೊಟ್ಟ ಮಾವನಾಗಿಬಿಡುತ್ತಾನೆ.

ಹಳೆಯ ಓದುಗ:

ಸೋವಿಯತ್ ಕಾಲದಲ್ಲಿ ಕನ್ನಡಕ್ಕೆ ಬಂದ ರಷ್ಯನ್ ಪುಸ್ತಕಗಳನ್ನು ಓದಿಕೊಂಡೇ ಬೆಳೆದವನು ನಾನು. ನನ್ನ ಅನಿಸಿಕೆಯನ್ನು ಹೇಳುವುದಾದರೆ, ರಷ್ಯನ್ ಭಾಷೆಯು ಸಂಸ್ಕೃತದಂತೆಯೇ ಪ್ರತಿಯೊಂದು ನೆಂಟಸ್ತಿಕೆಗೂ ಪ್ರತ್ಯೇಕ ಪದವನ್ನು ಉಳಿಸಿಕೊಂಡಿದೆ, ಕನ್ನಡವೋ ಅತ್ತೆ, ಮಾವ, ಭಾವ ಎಂಬ ಮೂರು ನಾಲ್ಕು ಪದಗಳಲ್ಲಿಯೇ ಎಲ್ಲವನ್ನೂ ಮುಗಿಸುತ್ತದೆ. ಗಂಡನ ತಂದೆ ಅವರಿಗೆ ‘ಸ್ವ್ಯೋಕರ್’, ಸಂಸ್ಕೃತದಲ್ಲಿ ‘ಶ್ವಶುರ’. ಗಂಡನ ತಮ್ಮ ಅವರಿಗೆ ‘ದೇವೆರ್’, ಸಂಸ್ಕೃತದಲ್ಲಿ ‘ದೇವರ’. ಮಗನ ಹೆಂಡತಿ ‘ಸ್ನೋಖಾ’, ಸಂಸ್ಕೃತದಲ್ಲಿ ‘ಸ್ನುಷಾ’. ಇಷ್ಟು ಸ್ಪಷ್ಟವಾದ ಸಂಬಂಧವಿರುವಾಗ ಅನುವಾದಕರು ಸಂಸ್ಕೃತ ಪದಗಳನ್ನೇ ಬಳಸಿದರೆ ಗೊಂದಲವೇ ಇರುವುದಿಲ್ಲ. ಪ್ರೊಫೆಸರನು ವಾನ್ಯಾನನ್ನು ‘ನನ್ನ ಶ್ಯಾಲಕ’ ಎನ್ನಲಿ.

ಪದಸಂಚಿ:

ಹಳೆಯ ಓದುಗರು ಹೇಳಿದ ಜೋಡಿಗಳು ಸರಿಯಾಗಿವೆ. ಆ ಮೂರೂ ಪದಗಳು ಸಂಸ್ಕೃತದ ಪದಗಳೊಂದಿಗೆ ಒಂದೇ ಬೇರಿನಿಂದ ಬಂದವು. ನಮ್ಮ ‘ಸೊಸೆ’ಯನ್ನೂ ನಿಘಂಟುಕಾರರು ‘ಸ್ನುಷೆ’ಯ ತದ್ಭವವೆಂದೇ ಹೇಳುತ್ತಾರೆ. ಹಾಗಾದರೆ ರಷ್ಯನ್ ಹಳ್ಳಿಯ ‘ಸ್ನೋಖಾ’ಳೂ ನಮ್ಮ ಮನೆಯ ಸೊಸೆಯೂ ಪದದ ಮಟ್ಟದಲ್ಲಿ ದೂರದ ಅಕ್ಕತಂಗಿಯರು. ಇದು ನನಗೆ ಪ್ರತಿ ಬಾರಿಯೂ ಸಂತೋಷ ಕೊಡುವ ಸಂಗತಿ.

ಆದರೆ ಕನ್ನಡದಲ್ಲಿ ಪದಗಳು ಕಡಿಮೆ ಎಂಬ ಮಾತನ್ನು ನಾನು ಒಪ್ಪಲಾರೆ. ಎರಡು ಭಾಷೆಗಳೂ ಬೇರೆ ಬೇರೆ ಪ್ರಶ್ನೆಗಳನ್ನು ಕೇಳುತ್ತವೆ. ಮದುವೆಯಿಂದ ಬಂದ ನೆಂಟರ ವಿಷಯದಲ್ಲಿ ರಷ್ಯನ್ ಕೇಳುವುದು, “ಇವರು ಗಂಡನ ಕಡೆಯವರೋ, ಹೆಂಡತಿಯ ಕಡೆಯವರೋ?” ಎಂದು. ಗಂಡನ ತಂದೆ ಸ್ವ್ಯೋಕರ್, ಹೆಂಡತಿಯ ತಂದೆ ತೆಸ್ತ್. ಗಂಡನ ಸಹೋದರ ದೇವೆರ್, ಹೆಂಡತಿಯ ಸಹೋದರ ಶೂರಿನ್. ಆ ಸಹೋದರ ಹಿರಿಯನೋ ಕಿರಿಯನೋ ಎಂಬುದರ ಗೊಡವೆ ಅದಕ್ಕಿಲ್ಲ. ಸಂಸ್ಕೃತದ ದೇವರನನ್ನು ಸಾಮಾನ್ಯವಾಗಿ ನಾವು ಗಂಡನ ತಮ್ಮನೆಂದು ಅರ್ಥಮಾಡಿಕೊಳ್ಳುತ್ತೇವೆ, ರಷ್ಯನ್ ದೇವೆರ್ ಅಣ್ಣನೂ ಆಗಬಹುದು. ಕನ್ನಡವಾದರೋ ಮೊದಲು ಕೇಳುವುದೇ “ಹಿರಿಯರೋ, ಕಿರಿಯರೋ?” ಎಂದು. ಗಂಡನ ಅಣ್ಣ ಭಾವ, ಗಂಡನ ತಮ್ಮ ಮೈದುನ. ಹೆಂಡತಿಯ ಅಣ್ಣನೂ ಭಾವನೇ.

ಇನ್ನು ತಂದೆತಾಯಿಯರ ಒಡಹುಟ್ಟಿದವರ ವಿಷಯಕ್ಕೆ ಬಂದರೆ ತಕ್ಕಡಿ ಕನ್ನಡದ ಕಡೆಗೇ ವಾಲುತ್ತದೆ. ಹಳೆಯ ರಷ್ಯನ್ನಿನಲ್ಲಿ ತಂದೆಯ ಸಹೋದರನಿಗೆ ‘ಸ್ತ್ರಿಯ್’, ತಾಯಿಯ ಸಹೋದರನಿಗೆ ‘ಉಯ್’ ಎಂಬ ಬೇರೆ ಬೇರೆ ಪದಗಳಿದ್ದವು. ನೆರೆಯ ಪೋಲಿಷ್ ಭಾಷೆಯಲ್ಲಿ ಅಂಥದೇ ಜೋಡಿ ಇನ್ನೂ ಇದೆ. ರಷ್ಯನ್ನಿನಲ್ಲಿ ಅವೆರಡೂ ಅಳಿದು ‘ದ್ಯಾದ್ಯಾ’ ಒಂದೇ ಉಳಿಯಿತು. ಆ ‘ಉಯ್’ ಉಳಿದಿದ್ದರೆ ನೇಪಥ್ಯ ಅವರಿಗೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ.

ಶ್ಯಾಲಕದ ಬಗ್ಗೆ ಒಂದೇ ಮಾತು. ಶೂರಿನ್ ಎಂಬುದು ರಷ್ಯನ್ನರ ಅಡುಗೆಮನೆಯ ಪದ. ರಂಗದ ಮೇಲೆ ಯಾರಾದರೂ ‘ಶ್ಯಾಲಕ’ ಎಂದರೆ ನಮ್ಮ ಪ್ರೇಕ್ಷಕರಿಗೆ ಸಂಸ್ಕೃತ ನಾಟಕವೇ ನೆನಪಾಗುತ್ತದೆ. ‘ಭಾವಮೈದುನ’ ಎಂಬ ಪದ ಇರುವಾಗ ಅದರ ಅಗತ್ಯವಿಲ್ಲ.

ವೋಲ್ಗಾ ತೀರ:

ನಾನು ಹಾಸನದ ಕಡೆಯವಳು, ಮದುವೆಯಾಗಿ ಕಜಾನ್ ನಗರದಲ್ಲಿದ್ದೇನೆ. ನಾಟಕದ ವಿಷಯ ನನಗೆ ಅಷ್ಟಾಗಿ ತಿಳಿಯದು, ಆದರೆ ಮನೆಯೊಳಗೆ ಈ ಪದಗಳು ಹೇಗೆ ನಡೆಯುತ್ತವೆ ಎಂಬುದನ್ನು ಹೇಳಬಲ್ಲೆ.

ಮೊದಲ ಬೇಸಿಗೆಯಲ್ಲಿ ನಮ್ಮ ಅತ್ತೆಯವರ ತೋಟದ ಮನೆಗೆ ಹೋಗಿದ್ದೆವು. ನಾನೂ ನನ್ನ ಗಂಡನ ಅಣ್ಣನ ಹೆಂಡತಿಯೂ ಜಗಲಿಯಲ್ಲಿ ಕುಳಿತು ಕಪ್ಪು ಕರಂಟ್ ಹಣ್ಣಿನ ತೊಟ್ಟು ಬಿಡಿಸುತ್ತಿದ್ದೆವು. ಬೇಲಿಯಾಚೆಯ ಅಜ್ಜಿ ಬಂದು ಇವರು ಯಾರು ಎಂದು ಕೇಳಿದಾಗ, ಅತ್ತೆಯವರು ಇಬ್ಬರನ್ನೂ ತೋರಿಸಿ ‘ನನ್ನ ನೆವೆಸ್ತ್ಕಾಗಳು’ ಎಂದರು. ನಾನು ಅದನ್ನು ಸೊಸೆಯಂದಿರು ಎಂದು ಮನಸ್ಸಿನಲ್ಲಿ ಬರೆದುಕೊಂಡೆ. ಸ್ವಲ್ಪ ಹೊತ್ತಿನ ಮೇಲೆ ಗಂಡನ ತಂಗಿ ಒಳಗಿನಿಂದ ಬಂದವಳು ನನ್ನನ್ನು ಅದೇ ಅಜ್ಜಿಗೆ ‘ಇವಳು ನಮ್ಮ ನೆವೆಸ್ತ್ಕಾ’ ಎಂದು ಪರಿಚಯಿಸಿದಳು. ನಾದಿನಿಯಾದವಳು ನನ್ನನ್ನು ಸೊಸೆ ಎನ್ನುತ್ತಾಳಲ್ಲ ಎಂದು ನಾನು ಬೆರಗಾದೆ. ಆ ಮೇಲೆ ತಿಳಿಯಿತು, ಮಗನ ಹೆಂಡತಿಯೂ ಸಹೋದರನ ಹೆಂಡತಿಯೂ ಅವರಿಗೆ ನೆವೆಸ್ತ್ಕಾಳೇ ಎಂದು. ಮನೆಗೆ ಮದುವೆಯಾಗಿ ಬಂದ ಹೆಣ್ಣು ಎಂಬ ಒಂದೇ ಕಣ್ಣಿನಿಂದ ಎಲ್ಲರೂ ನೋಡುತ್ತಾರೆ.

ಅಂದು ರಾತ್ರಿ ಅಮ್ಮನಿಗೆ ಫೋನ್ ಮಾಡಿದಾಗ ಅಮ್ಮ ಕೇಳಿದ್ದು, “ನಿನ್ನ ಓರಗಿತ್ತಿಯನ್ನು ಅಲ್ಲಿ ಏನಂತ ಕರೀತೀಯ?” ಎಂದು. ಹೆಸರು ಹಿಡಿದು ಎಂದೆ. ಅಮ್ಮನಿಗೆ ಅದು ಇಂದಿಗೂ ಸರಿಕಂಡಿಲ್ಲ. ಆದರೆ ಇಲ್ಲಿ ನೆವೆಸ್ತ್ಕಾ, ದೇವೆರ್, ಗಂಡನ ಸಹೋದರಿ ಎಂಬ ಅರ್ಥದ ಜೊಲೋವ್ಕಾ ಇವು ಯಾವುವೂ ಕರೆಯುವ ಪದಗಳಲ್ಲ, ಮೂರನೆಯವರ ಮುಂದೆ ಹೇಳುವ ಪದಗಳು. ಎದುರಿಗೆ ‘ಓ ಜೊಲೋವ್ಕಾ, ಬಾ’ ಎಂದು ಯಾರೂ ಕೂಗುವುದಿಲ್ಲ. ಇನ್ನೊಂದು ಸಂಗತಿಯೂ ಇದೆ. ನನ್ನ ಗಂಡನ ವಯಸ್ಸಿನವರಲ್ಲಿ ಅನೇಕರಿಗೆ ದೇವೆರ್ ಯಾರು, ಶೂರಿನ್ ಯಾರು ಎಂಬುದು ತಟ್ಟನೆ ಹೊಳೆಯುವುದಿಲ್ಲ, ‘ಗಂಡನ ಅಣ್ಣ’, ‘ಹೆಂಡತಿಯ ತಮ್ಮ’ ಎಂಬ ಅರ್ಥ ಬರುವ ಹಾಗೆ ಎರಡು ಪದ ಕೂಡಿಸಿ ಹೇಳಿಬಿಡುತ್ತಾರೆ. ಅಣ್ಣತಮ್ಮ ಎಂಬ ಭೇದವೂ ನಾನು ಇಲ್ಲಿ ಸೇರಿಸಿ ಹೇಳುತ್ತಿರುವುದೇ, ಅವರು ಹೇಳುವುದು ಬರಿಯ ‘ಬ್ರಾತ್’.

ಮಗಳ ಅಪ್ಪ:

ಈ ಚರ್ಚೆಯನ್ನು ನೋಡಿ ಬಹಳ ದಿನದಿಂದ ಮನಸ್ಸಿನಲ್ಲಿದ್ದ ಸಂದೇಹವನ್ನು ಕೇಳುತ್ತಿದ್ದೇನೆ. ರಷ್ಯನ್ ಹೆಸರುಗಳಲ್ಲಿ ಬರುವ ‘ಪೆತ್ರೋವಿಚ್’, ‘ಪೆತ್ರೋವ್ನಾ’ ಎಂಬವು ಮನೆತನದ ಹೆಸರುಗಳೇ? ಗಂಡ ಹೆಂಡತಿಯರಿಗೆ ಅವು ಬೇರೆ ಬೇರೆ ಇರುವುದು ಏಕೆ? ನನ್ನ ಮಗಳು ರಷ್ಯಾದಲ್ಲಿ ವೈದ್ಯಕೀಯ ಓದಲು ಹೋಗಿದ್ದು, ಅಲ್ಲಿನ ಅರ್ಜಿಯಲ್ಲಿ ತಂದೆಯ ಹೆಸರಿಗೆಂದು ಇದ್ದ ಜಾಗದಲ್ಲಿ ಏನು ಬರೆಯಬೇಕೆಂದು ತಿಳಿಯದೆ ನಮ್ಮ ಊರಿನ ಹೆಸರನ್ನು ಬರೆದು ತೊಂದರೆಪಟ್ಟೆವು.

ಪದಸಂಚಿ:

ನಿಮ್ಮ ಪ್ರಶ್ನೆ ಬೇರೆಯದಾದರೂ ಈ ಚರ್ಚೆಗೆ ಉಪಕಾರವನ್ನೇ ಮಾಡಿದೆ. ಅದು ಮನೆತನದ ಹೆಸರಲ್ಲ, ತಂದೆಯ ಹೆಸರಿನಿಂದ ಆಗುವ ಹೆಸರು. ಪ್ಯೋತ್ರ್ ಎಂಬುವನ ಮಗ ಪೆತ್ರೋವಿಚ್, ಮಗಳು ಪೆತ್ರೋವ್ನಾ. ಹೆಂಡತಿಯ ತಂದೆ ಬೇರೆಯವನಾದ್ದರಿಂದ ಅವಳ ಹೆಸರು ಗಂಡನದರಂತೆ ಇರುವುದಿಲ್ಲ, ಮದುವೆಯಾದ ಮೇಲೂ ಬದಲಾಗುವುದಿಲ್ಲ.

ಇದನ್ನೇ ಹಿಡಿದು ನೆಂಟಸ್ತಿಕೆಯನ್ನು ಪರೀಕ್ಷಿಸಬಹುದು. ವಾನ್ಯಾನ ಪೂರ್ಣ ಹೆಸರು ಇವಾನ್ ಪೆತ್ರೋವಿಚ್. ನಾಟಕದ ಆರಂಭದಲ್ಲಿಯೇ ಮುದುಕಿ ದಾದಿ ತೀರಿಹೋದ ಒಡತಿಯನ್ನು ನೆನೆಯುವಾಗ ‘ವೇರಾ ಪೆತ್ರೋವ್ನಾ, ಸೋನ್ಯಾಳ ತಾಯಿ’ ಎನ್ನುತ್ತಾಳೆ. ಇಬ್ಬರೂ ಪ್ಯೋತ್ರ್‌ನ ಮಕ್ಕಳು. ಪ್ರೊಫೆಸರನಾದರೋ ಅಲೆಕ್ಸಾಂದ್ರ್ ವ್ಲದೀಮಿರೊವಿಚ್, ಎಂದರೆ ವ್ಲದೀಮಿರನ ಮಗ. ವಾನ್ಯಾ ಅವನ ತಮ್ಮನಾಗಿದ್ದರೆ ಅವನೂ ವ್ಲದೀಮಿರೊವಿಚ್ ಆಗಬೇಕಿತ್ತು. ‘ದ್ಯಾದ್ಯಾ’ ಎಂಬ ಪದ ಬಂದಾಗಲೆಲ್ಲ ಅನುವಾದಕರು ಮೊದಲು ಮಾಡಬೇಕಾದ ಕೆಲಸವೆಂದರೆ ಹೀಗೆ ತಂದೆಯ ಹೆಸರುಗಳನ್ನು ಹೋಲಿಸಿ ನೋಡುವುದು. ಹೆಸರುಗಳು ಹೊಂದಿಕೊಂಡ ಮಾತ್ರಕ್ಕೆ ಒಡಹುಟ್ಟಿದವರೆಂದು ಖಚಿತವಾಗುವುದಿಲ್ಲ, ಏಕೆಂದರೆ ಪ್ಯೋತ್ರ್‌ಗಳು ಊರಿಗೆ ಹತ್ತು ಮಂದಿ ಇರುತ್ತಾರೆ. ಹೊಂದದಿದ್ದರೆ ಮಾತ್ರ ಒಬ್ಬನೇ ತಂದೆಯ ಮಕ್ಕಳಲ್ಲವೆಂದು ಹೇಳಬಹುದು.

ಧಾರವಾಡಿ:

ನಮ್ಮ ಕಡೆಯಾದರೆ ‘ವಾನ್ಯಾ ಮಾಮಾ’ ಎಂದೇ ಆಗುತ್ತಿತ್ತು. ‘ಕಾಕಾ’ ಎಂದಿದ್ದರೆ ನೇಪಥ್ಯ ಅವರ ನಟರಂತೆ ನಾವೂ ಎದ್ದು ಕೇಳುತ್ತಿದ್ದೆವು.

ನಾನು ಇನ್ನೊಂದು ಕಡೆಯ ತೊಡಕನ್ನು ಮುಂದಿಡುತ್ತೇನೆ. ತೋಲ್ಸ್ತೋಯ್‌ನ ‘ಆನ್ನಾ ಕರೇನಿನಾ’ದ ಮೊದಲ ಭಾಗದಲ್ಲಿ ಸ್ತೀವಾ ಎಂಬವನ ಮನೆಯಲ್ಲಿ ಜಗಳವಾಗಿ, ಅದನ್ನು ಸರಿಪಡಿಸಲು ಅವನ ಸಹೋದರಿ ಆನ್ನಾ ಬರುತ್ತಾಳೆ. ಸ್ತೀವಾನ ಹೆಂಡತಿ ಡಾಲಿಗೆ ಆನ್ನಾ ‘ಜೊಲೋವ್ಕಾ’, ಗಂಡನ ಸಹೋದರಿ. ಈ ಪದ ಮೂಲದಲ್ಲಿಯೇ ಇದೆ. ಇಂಗ್ಲಿಷಿನ ‘ಸಿಸ್ಟರ್-ಇನ್-ಲಾ’ದಿಂದ ಅನುವಾದಿಸುವವರು ಅವಳು ಗಂಡನ ಸಹೋದರಿಯೋ, ತಮ್ಮನ ಹೆಂಡತಿಯೋ ಎಂದು ತಡಕಾಡಬೇಕು, ರಷ್ಯನ್ನಿನಿಂದ ಬಂದರೆ ಆ ತೊಂದರೆ ಇಲ್ಲ. ಆದರೆ ಕನ್ನಡಕ್ಕೆ ಬರುವಾಗ ಬೇರೆ ತೊಂದರೆ ಏಳುತ್ತದೆ. ಗಂಡನ ತಂಗಿಯಾದರೆ ನಾದಿನಿ, ಅಕ್ಕನಾದರೆ ಅತ್ತಿಗೆ. ಆನ್ನಾ ಸ್ತೀವಾನಿಗೆ ಅಕ್ಕನೋ, ತಂಗಿಯೋ?

ಸ್ತೀವಾನಿಗೆ ಮೂವತ್ತನಾಲ್ಕು ಎಂದು ಮೊದಲ ಅಧ್ಯಾಯಗಳಲ್ಲಿಯೇ ಹೇಳಿದೆ. ಡಾಲಿ ಅವನಿಗಿಂತ ಒಂದೇ ವರ್ಷ ಚಿಕ್ಕವಳು. ಆನ್ನಾಳಿಗೆ ಎಂಟು ವರ್ಷದ ಮಗನಿದ್ದಾನೆ, ಅವಳ ಚೆಲುವು, ನಡಿಗೆ, ಹುರುಪು ಇವುಗಳ ವರ್ಣನೆಯನ್ನು ಓದಿದರೆ ಅವಳು ಸ್ತೀವಾನಿಗಿಂತ ಕಿರಿಯಳೆಂದೇ ತೋರುತ್ತದೆ. ನಾನಾದರೆ ಯಾವ ಅನುಮಾನವೂ ಇಲ್ಲದೆ ತಂಗಿ ಎಂದು ಬರೆಯುತ್ತಿದ್ದೆ. ಆಗ ಆನ್ನಾ ನಾದಿನಿ, ಡಾಲಿ ಅವಳಿಗೆ ಅತ್ತಿಗೆ. ಇಲ್ಲಿ ಕನ್ನಡ ತನ್ನಿಂದ ತಾನೇ ಏನೋ ಒಂದನ್ನು ಸೇರಿಸುತ್ತದೆ. ನಾದಿನಿಯಾದವಳು ಅತ್ತಿಗೆಯ ಕೋಣೆಗೆ ಹೋಗಿ, ಅಣ್ಣನ ತಪ್ಪನ್ನು ಕ್ಷಮಿಸು ಎಂದು ಕೇಳುವಾಗ ಚಿಕ್ಕವಳು ದೊಡ್ಡವಳನ್ನು ಬೇಡುವ ದೃಶ್ಯವಾಗುತ್ತದೆ. ರಷ್ಯನ್ನಿನಲ್ಲಿ ಆ ಏಣಿಶ್ರೇಣಿಯಿಲ್ಲ, ಅಲ್ಲಿ ಮಾತಾಡುವವರು ಸರಿಸಮಾನರಾದ ಇಬ್ಬರು ಗೃಹಿಣಿಯರು.

ಒಂದು ಸಮಾಧಾನದ ಸಂಗತಿಯೂ ಇದೆ. ಡಾಲಿಯ ತಂಗಿ ಕಿಟಿಯನ್ನು ಲೆವಿನ್ ಮದುವೆಯಾದ ಮೇಲೆ, ಲೆವಿನ್ ಮತ್ತು ಸ್ತೀವಾ ‘ಸ್ವೊಯಾಕ್’ಗಳಾಗುತ್ತಾರೆ. ಇಂಗ್ಲಿಷಿಗೆ ಇದು ಮತ್ತೊಂದು ‘ಬ್ರದರ್-ಇನ್-ಲಾ’ ಅಷ್ಟೇ. ನಮಗೆ ಷಡ್ಡಕ ಇದ್ದಾನೆ, ನಮ್ಮ ಕಡೆ ಸಡ್ಡಕ ಎನ್ನುತ್ತೇವೆ. ಪದಕ್ಕೆ ಪದ ಸರಿಯಾಗಿ ಕೂರುತ್ತದೆ. ಬೀಗರಿಗೂ ಹಾಗೆಯೇ, ಅವರಲ್ಲಿ ‘ಸ್ವಾತ್’ ಮತ್ತು ‘ಸ್ವಾತ್ಯಾ’ ಇದ್ದಾರೆ.

ನೇಪಥ್ಯ:

ಧಾರವಾಡಿಯವರ ಮಾತಿನಿಂದ ನನಗೂ ಅದೇ ಪ್ರಶ್ನೆ ಹುಟ್ಟಿತು. ಸೋನ್ಯಾಳ ತಾಯಿ ವೇರಾ ವಾನ್ಯಾನಿಗೆ ಅಕ್ಕನೋ ತಂಗಿಯೋ? ವಾನ್ಯಾ ನಾಟಕದುದ್ದಕ್ಕೂ ‘ನನ್ನ ಸೆಸ್ತ್ರಾ’ ಎನ್ನುತ್ತಾನೆ. ‘ಸಹೋದರಿ’ ಎಂದು ಬರೆದರೆ ನಟನ ಬಾಯಲ್ಲಿ ಅದು ಭಾಷಣದಂತೆ ಕೇಳುತ್ತದೆ.

ಪದಸಂಚಿ:

ಮೂಲದಲ್ಲಿ ವೇರಾಳ ವಯಸ್ಸನ್ನು ಹೇಳಿಲ್ಲ, ಆದರೆ ಊಹಿಸಲು ಆಧಾರಗಳಿವೆ. ಮೂರನೆಯ ಅಂಕದಲ್ಲಿ ಪ್ರೊಫೆಸರ್ ಜಮೀನನ್ನು ಮಾರುವ ಮಾತೆತ್ತಿದಾಗ ವಾನ್ಯಾ ಸಿಡಿದೆದ್ದು ಹಳೆಯ ಲೆಕ್ಕವನ್ನೆಲ್ಲ ಹೇಳುತ್ತಾನೆ. ಆ ಜಮೀನನ್ನು ವಾನ್ಯಾನ ತಂದೆ ಮಗಳ ವರದಕ್ಷಿಣೆಗೆಂದು 95,000 ರೂಬಲ್‌ಗೆ ಕೊಂಡನು. ಆಗ ಕೊಟ್ಟದ್ದು 70,000, ಉಳಿದ 25,000 ಸಾಲವಾಗಿ ನಿಂತಿತು. ಪ್ರೀತಿಯ ಸಹೋದರಿಗಾಗಿ ವಾನ್ಯಾ ತನ್ನ ಪಾಲಿನ ಆಸ್ತಿಯನ್ನು ಬಿಟ್ಟುಕೊಟ್ಟನು, ಹತ್ತು ವರ್ಷ ಎತ್ತಿನಂತೆ ದುಡಿದು ಸಾಲವನ್ನೂ ತೀರಿಸಿದನು. ಇಪ್ಪತ್ತೈದು ವರ್ಷಗಳಿಂದ ಆ ಜಮೀನನ್ನು ನೋಡಿಕೊಳ್ಳುತ್ತಿದ್ದಾನೆ, ವರ್ಷಕ್ಕೆ ಸಿಕ್ಕ ಸಂಬಳ 500 ರೂಬಲ್.

ಈಗ ಲೆಕ್ಕ ಹಾಕೋಣ. ವಾನ್ಯಾನಿಗೆ ನಲವತ್ತೇಳು. ಇಪ್ಪತ್ತೈದು ವರ್ಷಗಳ ಹಿಂದೆ ಅವನಿಗೆ ಇಪ್ಪತ್ತೆರಡು. ವೇರಾಳ ಮದುವೆಯ ಮಾತು ಅದೇ ಹೊತ್ತಿಗಿರಬೇಕು. ಅಂದಿನ ಜಮೀನ್ದಾರ ಮನೆತನದ ಹುಡುಗಿ ಇಪ್ಪತ್ತರ ಆಸುಪಾಸಿನಲ್ಲಿ ಮದುವೆಯಾಗುವುದು ವಾಡಿಕೆ. ಆದ್ದರಿಂದ ತಂಗಿ ಎನ್ನುವುದೇ ಹೆಚ್ಚು ಸಂಭವನೀಯ. ಇದು ಊಹೆಯೇ ಹೊರತು ಸಾಕ್ಷ್ಯವಲ್ಲ ಎಂಬುದನ್ನು ನೆನಪಿಡಬೇಕು. ಆದರೂ ನಾನು ತಂಗಿ ಎಂದೇ ಬರೆಯುತ್ತೇನೆ, ಏಕೆಂದರೆ ತಂಗಿಯ ಮದುವೆಗಾಗಿ ಪಾಲು ಬಿಟ್ಟುಕೊಟ್ಟ ಅಣ್ಣ ಎಂದ ಕೂಡಲೇ ಕನ್ನಡದ ಪ್ರೇಕ್ಷಕರಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ. ತೀರಿಹೋದ ತಂಗಿಯ ಮಗಳ ಆಸ್ತಿಯನ್ನು ಕಾಯುವ ಸೋದರಮಾವನೂ ನಮಗೆ ಚಿರಪರಿಚಿತನೇ. ‘ದ್ಯಾದ್ಯಾ’ದಲ್ಲಿ ಇಲ್ಲದ ಭಾರವೊಂದು ‘ಸೋದರಮಾವ’ದಲ್ಲಿದೆ, ಈ ನಾಟಕದ ಮಟ್ಟಿಗೆ ಅದು ಸರಿಯಾದ ಜಾಗದಲ್ಲಿಯೇ ಬೀಳುತ್ತದೆ.

ಅಡಕೆ ತೋಟ:

ಅದೇ ಭಾರ ತಪ್ಪು ಜಾಗದಲ್ಲಿಯೂ ಬೀಳಬಹುದೆಂದು ನನಗೆ ಭಯ. ನಮ್ಮ ನಾಡಿನ ಅನೇಕ ಸಮುದಾಯಗಳಲ್ಲಿ ಅಕ್ಕನ ಮಗಳನ್ನು ಮದುವೆಯಾಗುವ ರೂಢಿ ಇತ್ತು, ಕೆಲವು ಕಡೆ ಇಂದಿಗೂ ಇದೆ. ಸೋದರಮಾವ ಎಂದ ಕೂಡಲೇ ಹಳೆಯ ತಲೆಮಾರಿನ ಪ್ರೇಕ್ಷಕರಿಗೆ ‘ಈ ಇಬ್ಬರಿಗೂ ಮದುವೆ ಏಕೆ ಆಗಲಿಲ್ಲ’ ಎಂಬ ಯೋಚನೆ ಬಂದರೆ ಆಶ್ಚರ್ಯವಿಲ್ಲ. ಇಬ್ಬರೂ ಮದುವೆಯಾಗದವರು, ಒಂದೇ ಮನೆಯಲ್ಲಿ ಇರುವವರು. ರಷ್ಯನ್ನರಿಗೆ ಅಂಥ ಯೋಚನೆ ಕನಸಿನಲ್ಲಿಯೂ ಬಾರದು.

ನನ್ನನ್ನು ಹೆಚ್ಚು ಕಾಡಿದ್ದು ಯೆಲೆನಾಳ ವಿಷಯ. ನನ್ನ ಅಜ್ಜಿ ಚಿಕ್ಕ ವಯಸ್ಸಿನಲ್ಲಿ ತೀರಿಕೊಂಡ ಮೇಲೆ ಅಜ್ಜ ಮತ್ತೊಂದು ಮದುವೆಯಾದರು. ಆ ಹೊಸ ಅಜ್ಜಿ ಮನೆಗೆ ಬಂದ ವರ್ಷದ ಗೌರಿ ಹಬ್ಬಕ್ಕೆ, ತೀರಿಕೊಂಡ ಅಜ್ಜಿಯ ಅಣ್ಣ ಬಾಗಿನ ಮತ್ತು ಸೀರೆಯನ್ನು ತೆಗೆದುಕೊಂಡು ಬಂದು, “ಇನ್ನು ಮುಂದೆ ನೀನೇ ನನ್ನ ತಂಗಿ” ಎಂದು ಕೊಟ್ಟರಂತೆ. ಅವರು ಬದುಕಿರುವವರೆಗೂ ಪ್ರತಿ ವರ್ಷ ಆ ಬಾಗಿನ ಬಂತು. ನಮ್ಮ ಮನೆಯ ಈ ರೀತಿಯಲ್ಲಿ ನೋಡಿದರೆ ಯೆಲೆನಾ ವಾನ್ಯಾನಿಗೆ ತಂಗಿಯ ಸ್ಥಾನದಲ್ಲಿ ಬಂದವಳು. ಅವಳನ್ನು ಅವನು ಪ್ರೀತಿಸುತ್ತಾನೆ ಎಂದರೆ ನಮ್ಮ ಅಜ್ಜಿಯಂಥವರು ರಂಗಮಂದಿರದಿಂದ ಎದ್ದು ಹೋಗುತ್ತಿದ್ದರು. ಮೂಲದಲ್ಲಿ ಆ ಪ್ರೀತಿ ನಿಷ್ಫಲವಾದ, ದುಃಖದ ಪ್ರೀತಿ. ನಮ್ಮಲ್ಲಿ ಅದು ಬೇರೆಯೇ ಬಗೆಯ ಅಪರಾಧವಾಗಿಬಿಡುತ್ತದೆ. ಅಲ್ಲಿ ಅವಳನ್ನು ಅವನು ಏನೆಂದು ಕರೆಯುತ್ತಾನೆ?

ಪದಸಂಚಿ:

ಅಡಕೆ ತೋಟದವರು ಹೇಳಿದ ಬಾಗಿನದ ಸಂಗತಿ ನನ್ನ ಮನಸ್ಸನ್ನು ತಟ್ಟಿತು. ಇದನ್ನು ನಾನು ಯೋಚಿಸಿರಲೇ ಇಲ್ಲ.

ಸಹೋದರಿಯ ಗಂಡನ ಎರಡನೆಯ ಹೆಂಡತಿಗೆ ರಷ್ಯನ್ನಿನಲ್ಲಿ ಪದವೇ ಇಲ್ಲ. ಅವರ ಲೆಕ್ಕದಲ್ಲಿ ಅವಳು ವಾನ್ಯಾನಿಗೆ ಯಾರೂ ಅಲ್ಲ. ಅವನು ಅವಳನ್ನು ಹೆಸರಿನಿಂದ ಕರೆಯುತ್ತಾನೆ, ಅವಳು ಅವನನ್ನು ‘ಇವಾನ್ ಪೆತ್ರೋವಿಚ್’ ಎನ್ನುತ್ತಾಳೆ. ಹತ್ತು ವರ್ಷಗಳ ಹಿಂದೆ, ತಂಗಿ ಬದುಕಿದ್ದಾಗ, ಅವಳ ಮನೆಯಲ್ಲಿಯೇ ಯೆಲೆನಾಳನ್ನು ನೋಡಿದ್ದೆ, ಆಗಲೇ ಏಕೆ ಕೇಳಲಿಲ್ಲ ಎಂದು ವಾನ್ಯಾ ಎರಡನೆಯ ಅಂಕದಲ್ಲಿ ಮರುಗುತ್ತಾನೆ. ಆಗ ಅವಳಿಗೆ ಹದಿನೇಳು, ಅವನಿಗೆ ಮೂವತ್ತೇಳು. ಆದ್ದರಿಂದ ಇಲ್ಲಿ ಕನ್ನಡದ ಯಾವ ನೆಂಟಸ್ತಿಕೆಯ ಪದವನ್ನೂ ತರಬಾರದು, ಹೆಸರನ್ನೇ ಉಳಿಸಬೇಕು ಎಂಬುದು ನನ್ನ ಅಭಿಪ್ರಾಯ. ಸೋನ್ಯಾಳಿಗೆ ‘ಮಾವ’ ಬೇಕು, ಯೆಲೆನಾಳಿಗೆ ಹೆಸರು ಬೇಕು. ಒಂದೇ ನಾಟಕದಲ್ಲಿ ಎರಡು ನಿಯಮ ಎನಿಸಬಹುದು, ಆದರೆ ಮೂಲದಲ್ಲಿಯೂ ಒಬ್ಬಳು ದ್ಯಾದ್ಯಾ ಎನ್ನುತ್ತಾಳೆ, ಇನ್ನೊಬ್ಬಳು ಹೆಸರು ಹಿಡಿಯುತ್ತಾಳೆ.

ಸೋದರಮಾವನ ಮದುವೆಯ ಸಂದೇಹಕ್ಕೆ ನನ್ನ ಬಳಿ ಪೂರ್ತಿ ಪರಿಹಾರವಿಲ್ಲ. ವೇರಾಳನ್ನು ತಂಗಿ ಎಂದು ಮಾಡುವುದರಿಂದ ಸ್ವಲ್ಪ ತಗ್ಗುತ್ತದೆ, ಏಕೆಂದರೆ ರೂಢಿ ಇರುವ ಕಡೆಗಳಲ್ಲಿ ಸಾಮಾನ್ಯವಾಗಿ ಅಕ್ಕನ ಮಗಳನ್ನು ತರುತ್ತಾರೆ, ತಂಗಿಯ ಮಗಳನ್ನಲ್ಲ.

ಇದೇ ಗಂಟು ಬೇರೆ ರೂಪದಲ್ಲಿ ‘ಯುದ್ಧ ಮತ್ತು ಶಾಂತಿ’ಯಲ್ಲಿದೆ. ಅಲ್ಲಿನ ಸೋನ್ಯಾ ಮನೆಯ ಯಜಮಾನನ ‘ಪ್ಲೆಮ್ಯಾನ್ನಿತ್ಸಾ’, ಆ ಪದಕ್ಕೆ ಸಾಮಾನ್ಯವಾಗಿ ಒಡಹುಟ್ಟಿದವರ ಮಗಳು ಎಂದು ಅರ್ಥ. ಯಜಮಾನನ ಮಗ ನಿಕೊಲಾಯ್‌ನನ್ನು ಅವಳು ಪ್ರೀತಿಸುತ್ತಾಳೆ. ಹತ್ತಿರದ ನೆಂಟರಾದ್ದರಿಂದ ಮದುವೆಗೆ ಮಹಾ ಧರ್ಮಾಧ್ಯಕ್ಷರ ಅನುಮತಿ ಬೇಕು, ಅದೂ ಸಿಗದು ಎಂದು ಅಳುತ್ತಾಳೆ. ಅವಳು ಯಜಮಾನನ ಅಕ್ಕತಂಗಿಯರ ಮಗಳೋ, ಅಣ್ಣತಮ್ಮಂದಿರ ಮಗಳೋ ಎಂಬುದನ್ನು ಆ ಪದ ಹೇಳುವುದಿಲ್ಲ. ಸೋದರತ್ತೆಯ ಮಗಳೆಂದು ಅನುವಾದಿಸಿದರೆ ನಮ್ಮ ಓದುಗರು, “ಅತ್ತೆಯ ಮಗಳಲ್ಲವೇ, ಅಳುವುದೇಕೆ?” ಎನ್ನುತ್ತಾರೆ. ಚಿಕ್ಕಪ್ಪನ ಮಗಳೆಂದರೆ ಅವಳು ತಂಗಿಯೇ ಆಗಿ ಇಡೀ ಪ್ರೇಮವೇ ಅಸಹ್ಯವಾಗುತ್ತದೆ. ಎರಡರ ನಡುವೆ ನಿಲ್ಲುವ ಪದ ಕನ್ನಡದಲ್ಲಿ ನನಗೆ ಇದುವರೆಗೆ ಸಿಕ್ಕಿಲ್ಲ.

ಹಳೆಯ ಓದುಗ:

ಶ್ಯಾಲಕವನ್ನು ನಾನು ಹಿಂತೆಗೆದುಕೊಳ್ಳುತ್ತೇನೆ. ಆದರೆ ಇಷ್ಟೆಲ್ಲ ತೊಡಕಿರುವಾಗ ‘ದ್ಯಾದ್ಯಾ ವಾನ್ಯಾ’ ಎಂದೇ ರಷ್ಯನ್ ಪದವನ್ನು ಉಳಿಸಿಬಿಡುವುದು ಒಳ್ಳೆಯದಲ್ಲವೇ? ಪ್ರೇಕ್ಷಕರು ಮದುವೆಯ ರೂಢಿಯನ್ನೂ ಯೋಚಿಸುವುದಿಲ್ಲ, ಪರದೇಶದ ಮನೆಯೆಂಬ ಅರಿವೂ ಉಳಿಯುತ್ತದೆ.

ವೋಲ್ಗಾ ತೀರ:

ಅದು ಬೇಡವೆಂದು ನನಗೆ ಅನಿಸುತ್ತದೆ. ನನ್ನ ಮಗ ಇಲ್ಲಿ ಗಂಡನ ಅಣ್ಣನನ್ನು ‘ದ್ಯಾದ್ಯಾ’ ಎಂದು ಕೂಗುವಾಗ ಆ ಪದದಲ್ಲಿ ಪರದೇಶದ ಸೊಗಡು ಒಂದಿಷ್ಟೂ ಇರುವುದಿಲ್ಲ, ಹೆಗಲ ಮೇಲೆ ಕೂರಿಸಿಕೋ ಎಂಬ ಸಲಿಗೆಯಷ್ಟೇ ಇರುತ್ತದೆ. ಊರಿಗೆ ಬಂದಾಗ ಅದೇ ಮಗು ನನ್ನ ಅಣ್ಣನನ್ನೂ ದ್ಯಾದ್ಯಾ ಎಂದಿತು. “ಮಾವ ಅನ್ನು ಕಂದ” ಎಂದು ಅಣ್ಣ ತಾನೇ ಹೇಳಿಕೊಟ್ಟ. ಈಗ ಕಜಾನಿನಲ್ಲಿ ದ್ಯಾದ್ಯಾ, ಹಾಸನದಲ್ಲಿ ಮಾವ ಎಂದು ಅವನೇ ಬೇರೆ ಮಾಡಿಕೊಂಡಿದ್ದಾನೆ.

ನೇಪಥ್ಯ:

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ತಿದ್ದಿದ ಪ್ರತಿಯನ್ನು ಮತ್ತೆ ಓದಿದೆವು. ಪಾತ್ರಪಟ್ಟಿಯಲ್ಲಿ ಚೆಕಾವ್ ಮಾಡಿದಂತೆಯೇ ‘ಪ್ರೊಫೆಸರನ ಮೊದಲ ಹೆಂಡತಿಯ ತಾಯಿ’ ಎಂದು ಬಿಡಿಸಿ ಬರೆದಿದ್ದೇನೆ. ವೇರಾ ತಂಗಿಯಾಗಿದ್ದಾಳೆ. ವಾನ್ಯಾ ಪ್ರೊಫೆಸರನನ್ನು ಇತರರ ಮುಂದೆ ‘ನಮ್ಮ ಭಾವ’ ಎನ್ನುತ್ತಾನೆ, ತಂಗಿಯ ಗಂಡನಾದರೂ ಹಿರಿಯನಾದ್ದರಿಂದ ಮೈಸೂರಿನ ಕಡೆ ಅದು ಕಿವಿಗೆ ಒಗ್ಗುತ್ತದೆ. ಸೋನ್ಯಾ ‘ವಾನ್ಯಾ ಮಾವ’ ಎನ್ನುತ್ತಾಳೆ. ಕೊನೆಯ ದೃಶ್ಯದಲ್ಲಿ ಅವಳು ಮತ್ತೆ ಮತ್ತೆ ಹಾಗೆ ಕರೆಯುವುದನ್ನು ಕೇಳಿದಾಗ, ಮೊದಲ ದಿನ ಪ್ರಶ್ನೆ ಕೇಳಿದ್ದ ನಟರು ಏನೂ ಹೇಳದೆ ತಲೆಯಾಡಿಸಿದರು.

ಯೆಲೆನಾಳ ವಿಷಯದಲ್ಲಿ ಒಂದು ಪ್ರಶ್ನೆ ಉಳಿದುಕೊಂಡಿದೆ. ಅವಳು ಸೋನ್ಯಾಳಿಗೆ ಮಲತಾಯಿ. ಮನೆಯಲ್ಲಿ ‘ಚಿಕ್ಕಮ್ಮ’ ಎನ್ನುವುದು ನಮ್ಮ ವಾಡಿಕೆ. ಎರಡನೆಯ ಅಂಕದ ಕೊನೆಯಲ್ಲಿ ಮುನಿಸು ಬಿಟ್ಟು ಇಬ್ಬರೂ ಒಂದೇ ಲೋಟದಿಂದ ಕುಡಿದು, ‘ನೀವು’ ಎಂಬುದನ್ನು ಬಿಟ್ಟು ‘ನೀನು’ ಎನ್ನಲು ಒಪ್ಪಿಕೊಳ್ಳುತ್ತಾರೆ. ಅಲ್ಲಿಯವರೆಗೆ ಸೋನ್ಯಾ ಅವಳನ್ನು ಹೆಸರಿನಿಂದ ಕರೆದು, ಆ ಕ್ಷಣದಿಂದ ‘ಚಿಕ್ಕಮ್ಮ, ನೀನು’ ಎನ್ನಲೇ, ಅಥವಾ ಮೊದಲಿನಿಂದಲೂ ಬಿಗಿದ ಮುಖದಲ್ಲಿ ‘ಚಿಕ್ಕಮ್ಮ, ನೀವು’ ಎಂದು, ಆ ಲೋಟದ ನಂತರ ಹೆಸರು ಹಿಡಿದು ‘ನೀನು’ ಎನ್ನಲೇ?

ಅಡಕೆ ತೋಟ:

ಮೊದಲನೆಯದು. ನಾವು ಆ ಹೊಸ ಅಜ್ಜಿಯನ್ನು ಅಜ್ಜಿ ಎನ್ನಲು ಶುರುಮಾಡಿದ್ದು ಅವರ ಮೇಲಿನ ಹೆದರಿಕೆ ಹೋದ ಮೇಲೆಯೇ.

ಧಾರವಾಡಿ:

ನನಗೆ ಎರಡನೆಯದು ಸರಿ ಎನಿಸುತ್ತದೆ. ಸೋನ್ಯಾಳಿಗೂ ಯೆಲೆನಾಳಿಗೂ ವಯಸ್ಸಿನಲ್ಲಿ ಹೆಚ್ಚು ಅಂತರವಿಲ್ಲ, ಯೆಲೆನಾಳಿಗೆ ಇಪ್ಪತ್ತೇಳಷ್ಟೇ. ಇಬ್ಬರು ಹುಡುಗಿಯರು ಗೆಳತಿಯರಾಗುವ ಹೊತ್ತಿನಲ್ಲಿ ಒಬ್ಬಳನ್ನು ಚಿಕ್ಕಮ್ಮ ಮಾಡಿದರೆ ಅವಳು ಮತ್ತೆ ಪ್ರೊಫೆಸರನ ಪಕ್ಕಕ್ಕೆ ಹೋಗಿ ಕುಳಿತಂತಾಗುತ್ತದೆ. ಎರಡನ್ನೂ ಒಂದೊಂದು ದಿನ ಓದಿಸಿ ನೋಡಿ, ಯಾವುದು ನಿಂತಿತೆಂದು ದಯವಿಟ್ಟು ಇಲ್ಲಿ ತಿಳಿಸಿರಿ.